ನಿಮ್ಮ ಸಂಬಳ ಯಾರ ಸಂಬಳದ ಮೇಲೆ ಕೂರುತ್ತದೆ?

ಪ್ರಶ್ನೆ: ನಾವಿಬ್ಬರೂ ದುಡಿಯುತ್ತೇವೆ, ಗಂಡನ ಸಂಬಳ ನನ್ನದರ ಎರಡರಷ್ಟು. ನಾವಿರುವ ದೇಶದಲ್ಲಿ ಗಂಡ ಹೆಂಡತಿಗೆ ಜಂಟಿ ತೆರಿಗೆ. ದಂಪತಿಗೆ ಅದರಿಂದ ಲಾಭ ಅಂತಾರೆ. ಆದರೆ ನನ್ನ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ತೆರಿಗೆಗೇ ಹೋಗುತ್ತಿದೆ. ಇಷ್ಟಕ್ಕೆ ಕೆಲಸಕ್ಕೆ ಹೋಗಬೇಕಾ?

ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಕಾಲದಲ್ಲಿ ನಾನೂ ತಲೆ ಕೆಡಿಸಿಕೊಂಡಿದ್ದೆ. ಜರ್ಮನಿಯ ಪದ್ಧತಿ, ಕಡಿಮೆ ಸಂಬಳ ನನ್ನದು. ಲಾಭ ಇದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ, ನಿಮ್ಮ ಸಂಬಳದ ಚೀಟಿಯೂ ಸುಳ್ಳು ಹೇಳುತ್ತಿಲ್ಲ. ಅವರು ಮನೆಯ ಒಟ್ಟು ತೆರಿಗೆ ನೋಡುತ್ತಿದ್ದಾರೆ. ನೀವು ಕೆಲಸಕ್ಕೆ ಹೋಗುವುದರಿಂದ ಆ ಒಟ್ಟು ಎಷ್ಟು ಏರುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಈ ಎರಡು ಲೆಕ್ಕ ಎದುರುಬದುರು ದಿಕ್ಕಿಗೆ ಹೋಗಬಹುದು.

ಒಂದು ಸರಳ ಸ್ಲ್ಯಾಬ್ ಇಟ್ಟುಕೊಳ್ಳಿ. ಮೊದಲ 10,000ಕ್ಕೆ ತೆರಿಗೆ ಇಲ್ಲ. ಅಲ್ಲಿಂದ 40,000ದವರೆಗೆ ನೂರಕ್ಕೆ 20, ಅದರಾಚೆಗೆ ನೂರಕ್ಕೆ 40. ಇದು ಯಾವ ದೇಶದ್ದೂ ಅಲ್ಲ, ಲೆಕ್ಕಕ್ಕಾಗಿ ಮಾಡಿಕೊಂಡದ್ದು. ಗಂಡನಿಗೆ ವರ್ಷಕ್ಕೆ 60,000, ನಿಮಗೆ 30,000.

ಪ್ರತ್ಯೇಕ ತೆರಿಗೆಯಲ್ಲಿ ಅವರು 14,000 ಕಟ್ಟುತ್ತಾರೆ, ನೀವು 4,000. ಒಟ್ಟು 18,000. ನೀವು ಮನೆಯಲ್ಲಿದ್ದರೂ ಅವರದು 14,000ವೇ. ಅಂದರೆ ನಿಮ್ಮ ದುಡಿಮೆಯಿಂದ ಏರಿದ್ದು 4,000, ನಿಮ್ಮ ಸಂಬಳದ ಶೇಕಡಾ 13ರ ಆಸುಪಾಸು.

ಜರ್ಮನಿಯಲ್ಲಿ 1958ರಿಂದ ನಡೆದುಬಂದಿರುವ ಜಂಟಿ ಪದ್ಧತಿಯಲ್ಲಿ ಇಬ್ಬರ ಆದಾಯ ಕೂಡಿಸಿ, ಅರ್ಧ ಮಾಡಿ, ಆ ಅರ್ಧಕ್ಕೆ ತೆರಿಗೆ ಹಾಕಿ, ಬಂದದ್ದನ್ನು ಎರಡರಷ್ಟು ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ 90,000ದ ಅರ್ಧ 45,000. ಅದಕ್ಕೆ ತೆರಿಗೆ 8,000, ಎರಡರಷ್ಟು ಮಾಡಿದರೆ 16,000. ಪ್ರತ್ಯೇಕಕ್ಕಿಂತ 2,000 ಕಡಿಮೆ. ಲಾಭ ಅಂದರೆ ಇದೇ. ಈಗ ನೀವು ಕೆಲಸ ಬಿಟ್ಟಿರಿ ಅನ್ನಿ. 60,000ದ ಅರ್ಧ 30,000, ಅದಕ್ಕೆ ತೆರಿಗೆ 4,000, ಎರಡರಷ್ಟು 8,000. ಹಾಗಾಗಿ ನೀವು ಕೆಲಸಕ್ಕೆ ಹೋದ ಕಾರಣಕ್ಕೆ ಮನೆಯ ತೆರಿಗೆ 8,000ದಿಂದ 16,000ಕ್ಕೆ ಏರಿತು. ನಿಮ್ಮ 30,000ದಲ್ಲಿ 8,000 ಹೋಯಿತು, ಶೇಕಡಾ 27ರಷ್ಟು. ಮನೆಯ ಒಟ್ಟು ತೆರಿಗೆ ಇಳಿದಿದೆ, ನಿಮ್ಮ ದುಡಿಮೆಯ ಮೇಲಿನ ತೆರಿಗೆ ಮಾತ್ರ ದುಪ್ಪಟ್ಟಾಗಿದೆ.

ಕಾರಣ ಸರಳ. ಪ್ರತ್ಯೇಕ ತೆರಿಗೆಯಲ್ಲಿ ನಿಮ್ಮ ಮೊದಲ 10,000ಕ್ಕೆ ನಿಮ್ಮದೇ ಶೂನ್ಯದ ಸ್ಲ್ಯಾಬ್ ಇರುತ್ತದೆ. ಜಂಟಿಯಲ್ಲಿ ಆ ಸ್ಲ್ಯಾಬನ್ನು ಗಂಡನ ಸಂಬಳ ಮೊದಲೇ ಬಳಸಿ ಮುಗಿಸಿರುತ್ತದೆ. ನಿಮ್ಮ ಸಂಬಳ ಅವರದರ ಮೇಲೆ ಹೋಗಿ ಕೂರುತ್ತದೆ, ಮೊದಲ ರೂಪಾಯಿಗೇ ನೂರಕ್ಕೆ 20 ಬೀಳುತ್ತದೆ, ಕೊನೆಯ 10,000ಕ್ಕೆ ನೂರಕ್ಕೆ 40. ಇಬ್ಬರ ಸಂಬಳ ಸಮ ಆಗುತ್ತ ಬಂದಂತೆ ಲಾಭವೂ ಕರಗುತ್ತದೆ. ತಲಾ 45,000 ದುಡಿಯುವ ಜೋಡಿಗೆ ಪ್ರತ್ಯೇಕವಾಗಲಿ ಜಂಟಿಯಾಗಲಿ 16,000ವೇ. ಒಬ್ಬರೇ 90,000 ದುಡಿದು ಇನ್ನೊಬ್ಬರು ಮನೆಯಲ್ಲಿದ್ದರೆ 26,000ದ ಬದಲು 16,000, ಪೂರಾ 10,000 ಉಳಿತಾಯ.

ಇದಕ್ಕಿಂತ ಕೆಟ್ಟದ್ದೂ ಇತ್ತು. ಅರ್ಧ ಮಾಡದೆ ಬರೀ ಕೂಡಿಸಿ, ಒಬ್ಬರಿಗೆ ಹಾಕುವ ಸ್ಲ್ಯಾಬನ್ನೇ ಹಾಕಿದರೆ 90,000ಕ್ಕೆ 26,000 ಆಗುತ್ತದೆ. ಮದುವೆಯಾದ ತಪ್ಪಿಗೆ 8,000 ದಂಡ! ಹಾಗೆ ಕೂಡಿಸುವುದು ಮದುವೆಯಾದವರಿಗೆ ಅನ್ಯಾಯ ಎಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1957ರಲ್ಲಿ ಹೇಳಿದ ಮೇಲೆಯೇ ಈ ಅರ್ಧ ಮಾಡುವ ಪದ್ಧತಿ ಬಂದದ್ದು. ಸ್ವೀಡನ್ 1971ರಲ್ಲಿ ಸಂಬಳಕ್ಕೆ ಪ್ರತ್ಯೇಕ ತೆರಿಗೆಯ ದಾರಿ ಹಿಡಿಯಿತು. ಬ್ರಿಟನ್ನಿನಲ್ಲಿ ಹೆಂಡತಿಯ ಆದಾಯ ಗಂಡನ ಆದಾಯವೆಂದೇ ಲೆಕ್ಕವಾಗುತ್ತಿದ್ದದ್ದು 1990ರಲ್ಲಿ ನಿಂತಿತು.

ಇನ್ನು ನಾನು ಮಾಡಿದ ತಪ್ಪು. ಅದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಅದೇ ಜಾಗದಲ್ಲಿರುವ ಹಾಗೆ ಕಾಣುತ್ತದೆ.

ವರ್ಷದ ತೆರಿಗೆ ಬೇರೆ, ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುವುದು ಬೇರೆ. ಜರ್ಮನಿಯಲ್ಲಿ ಹಿಡಿಯುವುದಕ್ಕೆ ತೆರಿಗೆ ವರ್ಗಗಳಿವೆ. ಇಬ್ಬರೂ ನಾಲ್ಕನೇ ವರ್ಗದಲ್ಲಿದ್ದರೆ ಇಬ್ಬರಿಗೂ ಒಂಟಿಯವರಂತೆ ಹಿಡಿಯುತ್ತಾರೆ. ಹೆಚ್ಚು ದುಡಿಯುವವರು ಮೂರನೇ ವರ್ಗ, ಕಡಿಮೆಯವರು ಐದನೇ ವರ್ಗ ತೆಗೆದುಕೊಂಡರೆ ಇಬ್ಬರ ಶೂನ್ಯದ ಸ್ಲ್ಯಾಬೂ ಮೂರನೇ ವರ್ಗದವರ ಪಾಲಿಗೆ ಹೋಗುತ್ತದೆ, ಐದನೆಯವರಿಗೆ ಅದು ಇಲ್ಲವೇ ಇಲ್ಲ. ನಮ್ಮ ಸರಳ ಲೆಕ್ಕದಲ್ಲಿ ನಾಲ್ಕು-ನಾಲ್ಕು ಇದ್ದರೆ ಗಂಡನಿಂದ 14,000, ನಿಮ್ಮಿಂದ 4,000 ಹಿಡಿದು, ರಿಟರ್ನ್ ಹಾಕಿದ ಮೇಲೆ 2,000 ವಾಪಸ್ ಕೊಡುತ್ತಾರೆ. ಮೂರು-ಐದು ಇದ್ದರೆ ಅವರಿಂದ 8,000, ನಿಮ್ಮಿಂದಲೂ 8,000. ವರ್ಷದ ಕೊನೆಗೆ ಎರಡೂ ಕಡೆ ಮನೆಯ ತೆರಿಗೆ ಅದೇ 16,000, ಒಂದು ಪೈಸೆ ವ್ಯತ್ಯಾಸವಿಲ್ಲ. ಆದರೂ ತಿಂಗಳಿಗೆ ಇಬ್ಬರ ಕೈಗೂ ಸೇರಿ ಸ್ವಲ್ಪ ಹೆಚ್ಚು ಬರುತ್ತದಲ್ಲ ಎಂದು ನಾವು ಮೂರು-ಐದು ಆರಿಸಿಕೊಂಡೆವು. ಉಳಿತಾಯ ಅಂದುಕೊಂಡದ್ದು ಉಳಿತಾಯವೇ ಅಲ್ಲ, ರೀಫಂಡಾಗಿ ಬರಬೇಕಾದದ್ದು ಮೊದಲೇ ಬಂತು ಅಷ್ಟೆ.

ಪೆಟ್ಟು ಬಿದ್ದದ್ದು ಮಗು ಬಂದಾಗ. ಅಲ್ಲಿ ಮಗುವಿನ ಆರೈಕೆಗೆ ರಜೆ ಹಾಕಿದವರಿಗೆ ಸರ್ಕಾರ ಕೊಡುವ ಎಲ್ಟರ್ನ್‌ಗೆಲ್ಡ್ ಎಂಬ ಭತ್ಯೆ ಕೈಗೆ ಬರುವ ಸಂಬಳದ ಮೇಲೆ ನಿಂತಿದೆ, ಸಾಮಾನ್ಯ ಸಂಬಳದವರಿಗೆ ಅದರ ಶೇಕಡಾ 65. ಮೇಲಿನ ಲೆಕ್ಕದಲ್ಲೇ ಹೋದರೆ ನಿಮ್ಮ ಕೈಗೆ ಬರುವುದು ನಾಲ್ಕನೇ ವರ್ಗದಲ್ಲಿ 26,000, ಐದನೆಯದರಲ್ಲಿ 22,000. ವರ್ಷಕ್ಕೆ 4,000, ತಿಂಗಳಿಗೆ 333 ಕಡಿಮೆ. ಅದರ ಶೇಕಡಾ 65 ಅಂದರೆ 217. ಹೆರಿಗೆಯ ನಂತರದ ಮೊದಲ ಎರಡು ತಿಂಗಳು ಹೆರಿಗೆ ಭತ್ಯೆಯಲ್ಲೇ ಹೆಚ್ಚುಕಡಿಮೆ ಕಳೆದುಹೋಗುತ್ತವೆ, ಉಳಿದ ಹತ್ತು ತಿಂಗಳಿಗೆ ಸುಮಾರು 2,170 ನಷ್ಟ. ತೆರಿಗೆಯಾಗಿ ಹೆಚ್ಚಿಗೆ ಹಿಡಿದದ್ದನ್ನು ರಿಟರ್ನ್ ಸರಿಮಾಡುತ್ತದೆ, ಕಡಿಮೆ ಬಂದ ಭತ್ಯೆಯನ್ನು ಯಾವ ರಿಟರ್ನೂ ಸರಿಮಾಡುವುದಿಲ್ಲ. ಕೆಲಸ ಹೋದಾಗ ಬರುವ ನಿರುದ್ಯೋಗ ಭತ್ಯೆಗೂ ಇದೇ ಗತಿ. ವಿಮೆಯ ಕಂತು ಮುಂತಾದ ಕಡಿತಗಳನ್ನು ನಾನು ಇಲ್ಲಿ ಬಿಟ್ಟಿದ್ದೇನೆ. ಅವನ್ನು ಸೇರಿಸಿದರೂ ದಿಕ್ಕು ಬದಲಾಗದು.

ಮಗುವಿನ ಯೋಚನೆ ಇದ್ದರೆ ಇವತ್ತೇ ವರ್ಗ ನೋಡಿ. ಭತ್ಯೆಗೆ ಹೆರಿಗೆ ರಜೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಹೆಚ್ಚು ತಿಂಗಳು ಯಾವ ವರ್ಗ ಇತ್ತೋ ಅದೇ ಲೆಕ್ಕಕ್ಕೆ ಬರುತ್ತದೆ, ಅಂದರೆ ಏಳು ತಿಂಗಳಾದರೂ ಒಳ್ಳೆಯ ವರ್ಗದಲ್ಲಿರಬೇಕು. ಹೆರಿಗೆ ರಜೆ ಹೆರಿಗೆಗೆ ಆರು ವಾರ ಮೊದಲೇ ಶುರುವಾಗುತ್ತದೆ. ಗರ್ಭಿಣಿ ಎಂದು ಗೊತ್ತಾದ ವಾರವೇ ಅರ್ಜಿ ಹಾಕಿದರೂ ಸಮಯ ಕೂದಲೆಳೆಯಷ್ಟೇ ಉಳಿದಿರುತ್ತದೆ. ಕಡಿಮೆ ಸಂಬಳದವರೇ ಮೂರನೇ ವರ್ಗ ತೆಗೆದುಕೊಂಡರೂ ತಪ್ಪಿಲ್ಲ, ಭತ್ಯೆ ಹೆಚ್ಚಲೆಂದು ಹಾಗೆ ಮಾಡುವುದು ದುರುಪಯೋಗವಲ್ಲ ಎಂದು ಅಲ್ಲಿನ ಉನ್ನತ ಸಾಮಾಜಿಕ ನ್ಯಾಯಾಲಯ 2009ರಲ್ಲೇ ಹೇಳಿದೆ. ಇಂಥದ್ದೇನೂ ಬೇಡ ಅನ್ನುವವರಿಗೆ ನಾಲ್ಕು-ನಾಲ್ಕರ ಜೊತೆ ಗುಣಕ ಎಂಬ ಆಯ್ಕೆಯಿದೆ. ಜಂಟಿ ತೆರಿಗೆಯನ್ನು ಪ್ರತ್ಯೇಕ ತೆರಿಗೆಯಿಂದ ಭಾಗಿಸುತ್ತಾರೆ. ನಮ್ಮಲ್ಲಿ 16,000 ಭಾಗ 18,000, ಅಂದರೆ 0.888. ಇಬ್ಬರಿಂದಲೂ ಹಿಡಿಯುವುದನ್ನು ಅದರಿಂದ ಗುಣಿಸಿದರೆ ಗಂಡನಿಂದ ಸುಮಾರು 12,430, ನಿಮ್ಮಿಂದ 3,550. ಜಂಟಿಯ ಲಾಭ ತಿಂಗಳು ತಿಂಗಳೇ ಬರುತ್ತದೆ, ನಿಮ್ಮ ಚೀಟಿಯೂ ಬಡವಾಗುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲರೂ ಇದನ್ನೇ ಇಟ್ಟುಕೊಳ್ಳಬೇಕು. ಬೇರೆ ಜಂಟಿ ತೆರಿಗೆಯ ದೇಶದಲ್ಲಿದ್ದರೆ ಹೆಸರು ಬೇರೆ ಇರುತ್ತದೆ, ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಭತ್ಯೆ ಕೈಸಂಬಳದ ಮೇಲೆ ಲೆಕ್ಕವಾಗುತ್ತದೆ?

ಈಗ ಇಷ್ಟಕ್ಕೆ ಕೆಲಸಕ್ಕೆ ಹೋಗಬೇಕಾ ಅನ್ನುವುದು. ಪ್ರಶ್ನೆಯೇ ವಾಲಿದೆ. ನಿಮ್ಮ ಸಂಬಳವನ್ನೇ ಮೇಲೆ ಕೂರಿಸಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಉಲ್ಟಾ ಮಾಡಿ ನೋಡಿ. ನೀವೊಬ್ಬರೇ ದುಡಿದರೆ 30,000ದ ಮೇಲೆ ಜಂಟಿ ತೆರಿಗೆ 2,000. ಗಂಡ ದುಡಿಯುವುದರಿಂದ ಏರುವುದು 14,000. ಅದನ್ನು ಅವರ ಲೆಕ್ಕಕ್ಕೆ ಬರೆದು "ಇಷ್ಟಕ್ಕೆ ನೀನು ಹೋಗಬೇಕಾ" ಅಂತ ಯಾರೂ ಅವರನ್ನು ಕೇಳುವುದಿಲ್ಲ. ಮಗು ನೋಡಿಕೊಳ್ಳುವ ಖರ್ಚನ್ನು ಹೆಂಡತಿಯ ಸಂಬಳದಿಂದಲೇ ಕಳೆಯುವ ಚಾಳಿಯೂ ಇದೇ ಜಾತಿಯದು. ಕಳೆಯಲೇಬೇಕಾದರೆ ನಿಮ್ಮ 30,000ದಿಂದ ಮನೆಯ ತೆರಿಗೆಯ ಏರಿಕೆ 8,000 ಕಳೆಯಿರಿ, ಐದನೇ ವರ್ಗದ ಚೀಟಿಯಲ್ಲಿ ಕಾಣುವುದನ್ನಲ್ಲ. ನಮ್ಮ ಉದಾಹರಣೆಯಲ್ಲಿ ಎರಡೂ ಒಂದೇ ಅಂಕಿ ಬಂದದ್ದು ಸರಳ ಲೆಕ್ಕದ ದೆಸೆಯಿಂದ, ನಿಜದ ಚೀಟಿಯಲ್ಲಿ ಹಾಗೇ ಕೂಡಿಬರುತ್ತದೆಂದು ನಂಬಬೇಡಿ. ಆಮೇಲೆ ಸಂಬಳದಿಂದ ಬೆಳೆಯುವ ಪಿಂಚಣಿಯನ್ನು ಕೂಡಿಸಿ. ಬಿಟ್ಟ ವರ್ಷಗಳ ಪಿಂಚಣಿ ಗಂಡನ ಚೀಟಿಯಲ್ಲಿ ಬರುವುದಿಲ್ಲ.

ಪ್ರತ್ಯೇಕ ತೆರಿಗೆಗೆ ಬದಲಾಯಿಸಿದರೆ ಎಲ್ಲ ಸರಿ ಅನ್ನುವವರೂ ಪೂರ್ತಿ ಹೇಳುತ್ತಿಲ್ಲ. ಆದಾಯ ಏರಿದಂತೆ ದರ ಏರಬೇಕು, ಒಟ್ಟು ಆದಾಯ ಸಮವಿರುವ ಜೋಡಿಗಳು ಸಮ ತೆರಿಗೆ ಕಟ್ಟಬೇಕು, ಮದುವೆಯಿಂದ ತೆರಿಗೆ ಬದಲಾಗಬಾರದು, ಈ ಮೂರೂ ಒಟ್ಟಿಗೆ ಆಗುವುದಿಲ್ಲ. ಮೇಲಿನ ಅಂಕಿಗಳಲ್ಲೇ ನೋಡಿ. ಪ್ರತ್ಯೇಕದಲ್ಲಿ 90,000ದ ಮೂರು ಮನೆಗಳು 26,000, 18,000, 16,000 ಕಟ್ಟುತ್ತವೆ. ಜಂಟಿಯಲ್ಲಿ ಮೂರೂ 16,000. ಜಂಟಿಯೇ ನ್ಯಾಯ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ಒಬ್ಬರೇ 90,000 ತರುವ ಮನೆಯಲ್ಲಿ ಇನ್ನೊಬ್ಬರ ಇಡೀ ದಿನದ ಅಡುಗೆ, ಆರೈಕೆ ತೆರಿಗೆಯಿಲ್ಲದೆ ಸಿಗುತ್ತಿದೆ. ಇಬ್ಬರೂ ದುಡಿಯುವ ಮನೆ ಅದನ್ನು ತೆರಿಗೆ ಕಟ್ಟಿ ಉಳಿದ ಹಣದಿಂದ ಕೊಳ್ಳಬೇಕು.

ಪ್ರತ್ಯೇಕ ಪದ್ಧತಿಯಲ್ಲೂ ಎರಡು ಕಡೆ ಎಡವುತ್ತಾರೆ. ಸಂಬಳ ಹಂಚಲಾಗದು, ಬಡ್ಡಿ ಬಾಡಿಗೆ ಹಂಚಬಹುದು. ಹಾಗಾಗಿ ಆಸ್ತಿಯನ್ನು ಕಡಿಮೆ ಸ್ಲ್ಯಾಬಿನ ಸಂಗಾತಿಯ ಹೆಸರಿಗೆ ಮಾಡುವ ಆಟ ಶುರುವಾಗುತ್ತದೆ. ಭಾರತದಲ್ಲಿ ಹಾಗೆ ಕೊಟ್ಟ ಆಸ್ತಿಯ ಆದಾಯವನ್ನು ಕೊಟ್ಟವರ ಲೆಕ್ಕಕ್ಕೇ ಸೇರಿಸುವ ನಿಯಮ ಇರುವುದು ಇದಕ್ಕೇ. ಇನ್ನೊಂದು, ತೆರಿಗೆ ಪ್ರತ್ಯೇಕವಾದರೂ ಸಹಾಯಧನಗಳನ್ನು ಮನೆಯ ಒಟ್ಟು ಆದಾಯ ನೋಡಿ ಕೊಟ್ಟರೆ, ನೀವು ದುಡಿಯತೊಡಗಿದ ಕೂಡಲೇ ಅವು ಕರಗುತ್ತವೆ. ಜಂಟಿ ತೆರಿಗೆ ಹಿಂಬಾಗಿಲಿನಿಂದ ಒಳಗೆ ಬಂದ ಹಾಗೆ. ನಿಮ್ಮ ಲೆಕ್ಕ ಹಾಕುವಾಗ ರಿಟರ್ನಿನ ಜೊತೆ ಆ ಅರ್ಜಿಗಳನ್ನೂ ಮುಂದಿಟ್ಟುಕೊಳ್ಳಿ.