ಸಣ್ಣಪುಟ್ಟ ಬದಲಾವಣೆ ಎಂದರೆ ಎಷ್ಟು?

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ದ್ರಾಕ್ಷಿ ಎಲೆಯಿಂದ ಡಿಎನ್‌ಎ ತೆಗೆಯಬೇಕು. ನಾನು ಅನುಸರಿಸುತ್ತಿರುವ ಪ್ರಬಂಧದಲ್ಲಿ ‘ಸಿಟಿಎಬಿ ವಿಧಾನವನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಬಳಸಲಾಯಿತು’ ಎಂದಷ್ಟೇ ಇದೆ. ಪೂರಕ ಕಡತ ಅರವತ್ತು ಪುಟ ಇದೆ. ಅದನ್ನೆಲ್ಲ ಓದಲೇಬೇಕೇ? ನನಗೆ ಪ್ರತಿ ಸಲ ಕಂದು ಬಣ್ಣದ ಅಂಟು ಮಾತ್ರ ಸಿಗುತ್ತಿದೆ.

ಉತ್ತರ: ಎಲ್ಲವನ್ನೂ ಓದಬೇಡಿ. ಮೂರು ಜಾಗ ನೋಡಿದರೆ ಸಾಕು. ನಾನು ವಿಜಯಪುರದವಳು. ತಿಕೋಟಾ ಕಡೆಯ ತೋಟಗಳಿಂದ ಎಲೆ ತಂದು ಇದೇ ಕಂದು ಅಂಟಿನೊಂದಿಗೆ ಎರಡು ತಿಂಗಳು ಗುದ್ದಾಡಿದ್ದೇನೆ.

ಮೊದಲು ಆ ವಾಕ್ಯವನ್ನೇ ಬಿಡಿಸಿ ನೋಡಿ. ‘ಬದಲಾವಣೆ’ ಎಂದರೆ ಯಾವುದಕ್ಕೆ ಹೋಲಿಸಿದ ಬದಲಾವಣೆ? ಸಾಮಾನ್ಯವಾಗಿ ಅಲ್ಲಿ ಡಾಯ್ಲ್ ಮತ್ತು ಡಾಯ್ಲ್, 1987 ಎಂಬ ಉಲ್ಲೇಖ ಇರುತ್ತದೆ. ಆ ಮೂಲ ದ್ರಾವಣದಲ್ಲಿ ಶೇ 2 ಸಿಟಿಎಬಿ, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, ಪಿಎಚ್ 8ರ 100 ಮಿಲಿಮೋಲಾರ್ ಟ್ರಿಸ್ ಮತ್ತು ಶೇ 0.2 ಬೀಟಾ-ಮರ್ಕ್ಯಾಪ್ಟೋಎಥನಾಲ್ ಇವೆ. ಇದನ್ನು ಒಂದು ಹಾಳೆಯ ಎಡಗಡೆ ಬರೆದುಕೊಂಡು ಬಲಗಡೆಯನ್ನು ಖಾಲಿ ಬಿಡಿ. ಪೂರಕ ಕಡತದಲ್ಲಿ ನೀವು ಹುಡುಕಬೇಕಾದದ್ದು ಆ ಬಲಗಡೆಗೆ ತುಂಬಬೇಕಾದದ್ದನ್ನು ಮಾತ್ರ.

ಮೊದಲ ಜಾಗ ದ್ರಾವಣದ ವಿವರ. ಕಡತ ತೆರೆದು `PVP`, `mercapto`, `NaCl` ಎಂಬ ಪದಗಳನ್ನು ಹುಡುಕಿ. ಏನೂ ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸಬೇಡಿ. ಎಷ್ಟೋ ಕಡತಗಳಲ್ಲಿ ಕೋಷ್ಟಕವನ್ನು ಚಿತ್ರವಾಗಿ ಅಂಟಿಸಿರುತ್ತಾರೆ, ಹುಡುಕಾಟಕ್ಕೆ ಅದು ಕಾಣುವುದಿಲ್ಲ. ನಾನು ಅನುಸರಿಸಿದ ಪ್ರಬಂಧದಲ್ಲಿ ಉತ್ತರ ಇದ್ದದ್ದು ಅಂಥ ಒಂದು ಕೋಷ್ಟಕದ ಕೆಳಗೆ, ನಕ್ಷತ್ರ ಚಿಹ್ನೆ ಹಾಕಿ ಬರೆದ ಅಡಿಟಿಪ್ಪಣಿಯಲ್ಲಿ. ಉಪ್ಪು 1.4ರಿಂದ 2 ಮೋಲಾರ್‌ಗೆ ಏರಿತ್ತು, ಶೇ 2 ಪಿವಿಪಿ ಹೊಸದಾಗಿ ಸೇರಿತ್ತು, ಬೀಟಾ-ಮರ್ಕ್ಯಾಪ್ಟೋಎಥನಾಲ್ ಶೇ 0.2ರಿಂದ ಶೇ 2 ಆಗಿತ್ತು. ಹತ್ತು ಪಟ್ಟು! ಇದಕ್ಕೆ ಅವರು ಇಟ್ಟ ಹೆಸರು ಸಣ್ಣಪುಟ್ಟ ಬದಲಾವಣೆ.

ನಿಮ್ಮ ಕಂದು ಅಂಟಿಗೂ ಈ ಮೂರಕ್ಕೂ ನೇರ ಸಂಬಂಧವಿದೆ. ದ್ರಾಕ್ಷಿ ಎಲೆಯಲ್ಲಿ ಪಾಲಿಫೀನಾಲ್‌ಗಳು ಹೇರಳ. ಎಲೆಯನ್ನು ಅರೆದ ಕೂಡಲೇ ಅವು ಗಾಳಿಗೆ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆ. ಪಿವಿಪಿ ಅವುಗಳನ್ನು ಹಿಡಿದಿಡುತ್ತದೆ, ಮರ್ಕ್ಯಾಪ್ಟೋಎಥನಾಲ್ ಕಂದಾಗುವುದನ್ನೇ ತಡೆಯುತ್ತದೆ. ಅಂಟಿಗೆ ಕಾರಣ ಎಲೆಯ ಲೋಳೆ, ಅಂದರೆ ಪಾಲಿಸ್ಯಾಕರೈಡ್‌ಗಳು. ಉಪ್ಪು ಹೆಚ್ಚಿದ್ದರೆ ಅವು ದ್ರಾವಣದಲ್ಲೇ ಉಳಿದು ಡಿಎನ್‌ಎ ಜೊತೆ ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ನ್ಯಾನೋಡ್ರಾಪ್‌ನಲ್ಲಿ 260/230 ಅನುಪಾತ ನೋಡಿ: 2ರ ಆಸುಪಾಸಿನಲ್ಲಿ ಇರಬೇಕಾದದ್ದು 1ಕ್ಕಿಂತ ಕೆಳಗೆ ಬಿದ್ದಿದ್ದರೆ ಈ ಎರಡು ಕಶ್ಮಲಗಳ ಮೇಲೆಯೇ ಮೊದಲ ಅನುಮಾನ ಇರಲಿ. ನನ್ನದು 0.6 ಇತ್ತು.

ಎರಡನೆಯ ಜಾಗ ಮಾದರಿಗಳ ಪಟ್ಟಿ. ಇದು ಬಹುತೇಕ ಪ್ರತ್ಯೇಕ ಎಕ್ಸೆಲ್ ಕಡತವಾಗಿರುತ್ತದೆ. ಪ್ರಬಂಧದ ಪಿಡಿಎಫ್ ಇಳಿಸಿಕೊಂಡವರಿಗೆ ಅದು ಜೊತೆಯಲ್ಲಿ ಬರುವುದಿಲ್ಲ, ಪತ್ರಿಕೆಯ ಜಾಲತಾಣಕ್ಕೇ ಹೋಗಿ ತೆಗೆದುಕೊಳ್ಳಬೇಕು. ಮುಖ್ಯ ಬರಹದಲ್ಲಿ ‘ಎಲೆಗಳನ್ನು ಸಂಗ್ರಹಿಸಲಾಯಿತು’ ಎಂದಿದ್ದರೆ, ಇಲ್ಲಿ ಬಲತುದಿಯ ಅಂಕಣದಲ್ಲಿ ಪ್ರತಿ ಎಲೆಯ ಸ್ಥಾನ ಇತ್ತು: ಎಲ್ಲವೂ ಕುಡಿಯಿಂದ ಎರಡನೆಯ ಅಥವಾ ಮೂರನೆಯ ಎಲೆ. ಅದನ್ನು ಓದಿ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ನನ್ನ ಎಲೆಗಳೆಲ್ಲ ಬಲಿತವು. ತೋಟದ ಯಜಮಾನರು ಮೊದಲ ದಿನವೇ ಹೇಳಿದ್ದರು, “ಕುಡಿ ಮುಟ್ಟಬೇಡ ತಂಗಿ, ಕೆಳಗಿನ ಎಲೆ ಎಷ್ಟು ಬೇಕಾದರೂ ಒಯ್ಯಿ.” ಅವರ ಮಾತು ಬೆಳೆಗೆ ಸರಿ, ನನ್ನ ಕೆಲಸಕ್ಕೆ ಅಲ್ಲ. ಎಲೆ ಬಲಿತಷ್ಟೂ ಪಾಲಿಫೀನಾಲ್ ಮತ್ತು ಲೋಳೆಯ ಕಾಟ ಹೆಚ್ಚು. ಅಕ್ಟೋಬರ್ ಚಾಟ್ನಿಯಲ್ಲಿ ಬಳ್ಳಿ ಕತ್ತರಿಸಿದ ನಂತರ ಹೊಸ ಚಿಗುರು ಬಂದಾಗ ಮತ್ತೆ ಹೋಗಿ ಐದು ಬಳ್ಳಿಗಳಿಗೆ ಅನುಮತಿ ಕೇಳಿ ತಂದೆ. ಬೋರ್ಡೋ ದ್ರಾವಣ ಸಿಂಪಡಿಸಿದ ಎಲೆಯಾದರೆ ಚೆನ್ನಾಗಿ ತೊಳೆಯಿರಿ. ಇದು ಯಾವ ಅನುಬಂಧದಲ್ಲೂ ಇರಲಿಲ್ಲ.

ಮೂರನೆಯದು ಕತ್ತರಿಸದ ಜೆಲ್ ಚಿತ್ರ. ಮುಖ್ಯ ಬರಹದ ಚಿತ್ರದಲ್ಲಿ ಆರು ಸಾಲು, ಆರರಲ್ಲೂ ಗೆರೆ ಎಳೆದಂಥ ಪಟ್ಟಿ. ಪೂರಕ ಕಡತದ ಕೊನೆಯ ಪುಟಗಳಲ್ಲಿ ಅದೇ ಜೆಲ್ ಪೂರ್ತಿಯಾಗಿ ಇತ್ತು, ಅಲ್ಲಿ ಬಲತುದಿಯ ಕೆಲವು ಸಾಲುಗಳು ಬರೀ ಮಬ್ಬು. ಆ ಸಾಲುಗಳ ಸಂಖ್ಯೆಯನ್ನು ಎಕ್ಸೆಲ್ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಅವು ಒಣಗಿಸಿಟ್ಟ ಎಲೆಗಳು ಎಂದು ತಿಳಿಯಿತು. ಲೇಖಕರೂ ಸೋತಿದ್ದರು, ಆದರೆ ಆ ಸೋಲನ್ನು ಐವತ್ತೆಂಟನೆಯ ಪುಟದಲ್ಲಿ ಇಟ್ಟಿದ್ದರು. ಇದರಲ್ಲಿ ಮೋಸವೇನೂ ಇಲ್ಲ. ಮುಖ್ಯ ಬರಹದ ಜಾಗಕ್ಕೆ ಮಿತಿ ಇರುತ್ತದೆ. ಆದರೂ ಆ ಒಂದು ಚಿತ್ರ ನೋಡಿದ್ದರೆ ನಾನು ಎಲೆಗಳನ್ನು ನೆರಳಿನಲ್ಲಿ ಒಣಗಿಸಿಡುವ ಪ್ರಯತ್ನಕ್ಕೆ ಹದಿನೈದು ದಿನ ಕಳೆಯುತ್ತಿರಲಿಲ್ಲ.

ಇನ್ನು ಒಂದು ಎಚ್ಚರಿಕೆ. ಪೂರಕ ಕಡತವನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಹಲವು ಪತ್ರಿಕೆಗಳು ಅದನ್ನು ತಿದ್ದದೆ, ಲೇಖಕರು ಕೊಟ್ಟ ಹಾಗೆಯೇ ಹಾಕುತ್ತವೆ. ನಾನು ಓದಿದ ಕಡತದ ಅಡಿಟಿಪ್ಪಣಿಯಲ್ಲಿ ಮರ್ಕ್ಯಾಪ್ಟೋಎಥನಾಲ್ ಶೇ 2 ಎಂದಿತ್ತು, ಎರಡು ಪುಟಗಳ ನಂತರ ಹಂತಗಳ ವಿವರಣೆಯಲ್ಲಿ ‘10 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್’ ಎಂದಿತ್ತು. ಲೆಕ್ಕ ಹಾಕಿ: 10 ಮಿ.ಲೀ. ಎಂದರೆ 10,000 ಮೈಕ್ರೋಲೀಟರ್, ಅದರಲ್ಲಿ 20 ಎಂದರೆ ಶೇ 0.2. ಶೇ 2 ಬೇಕಾದರೆ 200 ಹಾಕಬೇಕು. ಒಂದೇ ಕಡತ ಎರಡು ಮಾತು ಆಡುತ್ತಿತ್ತು. ಹಾಗಾಗಿ ಶೇಕಡಾವಾರು ಮತ್ತು ಪ್ರಮಾಣ ಎರಡನ್ನೂ ಕೊಟ್ಟಲ್ಲೆಲ್ಲ ಒಮ್ಮೆ ಗುಣಿಸಿ ನೋಡಿ. ಅರ್ಧ ನಿಮಿಷದ ಕೆಲಸ.

ಸಂಪರ್ಕ ಲೇಖಕರಿಗೆ ಪತ್ರ ಬರೆದೆ. ಪುಟ ಸಂಖ್ಯೆ, ಎರಡೂ ಸಾಲು, ನನ್ನ ಲೆಕ್ಕ, ಒಂದೇ ಪ್ರಶ್ನೆ, ಅಷ್ಟೇ. ‘ನಿಮ್ಮ ವಿಧಾನವನ್ನು ವಿವರಿಸಿ’ ಎಂದು ಕೇಳಿದ ಪತ್ರಕ್ಕೆ ಯಾರೂ ಉತ್ತರಿಸುವುದಿಲ್ಲ. ಕಾಯುತ್ತ ಕೂರದೆ ಒಂದೇ ಎಲೆಯ ಪುಡಿಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಶೇ 0.2, ಇನ್ನೊಂದಕ್ಕೆ ಶೇ 2 ಹಾಕಿ, 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಮರ್ಕ್ಯಾಪ್ಟೋಎಥನಾಲ್ ವಿಷಕಾರಿ. ಫ್ಯೂಮ್ ಹುಡ್‌ನಲ್ಲೇ, ಬಳಸುವ ಹೊತ್ತಿಗೆ ಮಾತ್ರ ಬೆರೆಸಿ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಹುಡ್ ಸರಿಯಾಗಿ ಎಳೆಯುತ್ತಿಲ್ಲ ಎಂದು ತಿಳಿಯಿರಿ.

ಮೊದಲನೆಯ ಕೊಳವೆ ಚಹಾದ ಬಣ್ಣಕ್ಕೆ ತಿರುಗಿತು, ಎರಡನೆಯದು ತಿಳಿಹಸಿರಾಗಿಯೇ ಉಳಿಯಿತು, 260/230 ಅನುಪಾತ 1.9ಕ್ಕೆ ಬಂತು. ಲೇಖಕರ ಉತ್ತರ ಮೂರು ವಾರಗಳ ನಂತರ ಬಂತು: ಒಂದು ಸೊನ್ನೆ ಬಿಟ್ಟುಹೋಗಿದೆ, 200 ಎಂದು ಓದಿಕೊಳ್ಳಿ. ಕಡತದಲ್ಲಿ ಮಾತ್ರ ಇಂದಿಗೂ 20 ಎಂದೇ ಇದೆ.