‘ವೇರ್ ಡಸ್ ಹೀ ಲಿವ್’ ಎಲ್ಲಿ ಸರಿ, ಎಲ್ಲಿ ತಪ್ಪು?

ಪ್ರಶ್ನೆ: ಕಾರವಾರದಲ್ಲಿದ್ದೇನೆ, ಎಸ್‌ಎಸ್‌ಸಿಗೆ ಓದ್ತಾ ಇದ್ದೇನೆ. ‘ಡು ಯೂ ನೋ ವೇರ್ ಡಸ್ ಹೀ ಲಿವ್’ ತಪ್ಪು, ‘ವೇರ್ ಹೀ ಲಿವ್ಸ್’ ಸರಿ ಅಂತ ನಿಯಮ ಬಾಯಿಪಾಠ ಉಂಟು. ಆದ್ರೆ ಎರರ್ ಸ್ಪಾಟಿಂಗ್‌ನಲ್ಲಿ ಅದು ಕಣ್ಣಿಗೇ ಬೀಳೋದಿಲ್ಲ. ಕೆಲವು ಸಲ ಸರಿ ಇದ್ದದ್ದನ್ನೇ ತಪ್ಪು ಅಂತ ಹಾಕಿ ಬರ್ತೇನೆ. ಹಿಡಿಯೋದು ಹೇಗೆ?

ಉತ್ತರ:

ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಅವನು ಎಲ್ಲಿರ್ತಾನೆ?’ ಅಂತ ನೇರವಾಗಿ ಕೇಳಿ ನೋಡಿ. ಆಮೇಲೆ ‘ಅವನು ಎಲ್ಲಿರ್ತಾನೆ ಅಂತ ಗೊತ್ತುಂಟಾ?’ ಅಂತ ಕೇಳಿ. ಮೊದಲಿನ ಪ್ರಶ್ನೆ ಒಂದಿಷ್ಟೂ ಅಲುಗಲಿಲ್ಲ, ಹಿಂದೆ ‘ಅಂತ ಗೊತ್ತುಂಟಾ’ ಅಂಟಿಕೊಂಡಿತು, ಅಷ್ಟೇ. ಮನೆಯಲ್ಲಿ ಕೊಂಕಣಿ ಆಡುವವರಿಗೆ ‘ಮ್ಹಣು’ ಇದೇ ಕೆಲಸ ಮಾಡುತ್ತದೆ. ಹಾಗಾಗಿ ‘ವೇರ್ ಡಸ್ ಹೀ ಲಿವ್’ ಅನ್ನುವ ಕಲಿತ ಪದಗುಚ್ಛವನ್ನು ಹಾಗೇ ಎತ್ತಿ ‘ಡು ಯೂ ನೋ’ ಆದಮೇಲೆ ಇಟ್ಟರೆ ನಮ್ಮ ಕಿವಿಗೆ ಏನೂ ಅನಿಸುವುದಿಲ್ಲ. ಇಲ್ಲಿ ಕಿವಿಯನ್ನು ನಂಬಬೇಡಿ, ಪದದ ಮೇಲೆ ಬೆರಳಿಟ್ಟು ನೋಡಿ.

ಇಂಗ್ಲಿಷ್‌ನಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬರುವುದು ‘ನಾನು ಈಗ ಕೇಳುತ್ತಿದ್ದೇನೆ’ ಎಂಬುದರ ಗುರುತು. ‘ಡು ಯೂ ನೋ’ದಲ್ಲಿ ‘ಡು’ ಮುಂದೆ ಬಂದು ಆ ಗುರುತು ಹಾಕಿಯಾಗಿದೆ. ಒಳಗಿನದು ಕೇಳುವ ಪ್ರಶ್ನೆಯಲ್ಲ, ‘ನೋ’ ಎಂಬುದರ ಕರ್ಮ. ಆದ್ದರಿಂದ ಅದು ಹೇಳಿಕೆಯ ಕ್ರಮದಲ್ಲಿರಬೇಕು: ಪ್ರಶ್ನಪದ, ಕರ್ತೃ, ಕ್ರಿಯಾಪದ. ‘ಡಸ್’ ಹೋಗುವಾಗ ತಾನು ಹೊತ್ತಿದ್ದ ‘ಸ್’ ಅನ್ನು ಕ್ರಿಯಾಪದಕ್ಕೆ ಬಿಟ್ಟುಹೋಗುತ್ತದೆ, ‘ಲಿವ್’ ಹೋಗಿ ‘ಲಿವ್ಸ್’ ಆಗುತ್ತದೆ. ‘ಡಿಡ್’ ಆದರೆ ಭೂತಕಾಲವನ್ನು ಬಿಟ್ಟುಹೋಗುತ್ತದೆ, ‘ವೇರ್ ಡಿಡ್ ಹೀ ಗೋ’ ಎಂಬುದು ‘ವೇರ್ ಹೀ ವೆಂಟ್’ ಆಗುತ್ತದೆ. ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ‘ವೇರ್ ಹೀ ಗೋ’, ‘ವೇರ್ ಹೀ ಡಿಡ್ ವೆಂಟ್’ ಎಂಬ ಆಯ್ಕೆಗಳನ್ನು ಇಡುವುದು ಈ ಅರ್ಧ ತಿದ್ದುಪಡಿಗೆ ಬೀಳುವವರಿಗಾಗಿಯೇ.

ಈಗ ತಪ್ಪಿರುವ ಭಾಗವನ್ನು ಗುರುತಿಸಬೇಕಾದ ಒಂದು ವಾಕ್ಯ ತೆಗೆದುಕೊಳ್ಳಿ: ‘ದ ಪ್ಯಾಸೆಂಜರ್ ಆಸ್ಕ್ಡ್ ದ ಕಂಡಕ್ಟರ್ (ಎ) / ವೈ ವಾಸ್ ದ ಬಸ್ (ಬಿ) / ವೇಟಿಂಗ್ ಅಟ್ ಅಂಕೋಲಾ (ಸಿ) / ಫಾರ್ ಸೋ ಲಾಂಗ್. (ಡಿ)’ ಮೊದಲು ಕೊನೆಯ ಚಿಹ್ನೆ ನೋಡಿ. ಪೂರ್ಣವಿರಾಮ ಇದೆ, ಉದ್ಧರಣ ಚಿಹ್ನೆ ಇಲ್ಲ, ಅಂದರೆ ಇಡೀ ವಾಕ್ಯ ಯಾರನ್ನೂ ಕೇಳುತ್ತಿಲ್ಲ, ಕೇಳಿದ್ದನ್ನು ವರದಿ ಮಾಡುತ್ತಿದೆ. ‘ವೈ’ ಮೇಲೆ ಬೆರಳಿಡಿ. ಪಕ್ಕದ ಪದ ‘ವಾಸ್’, ಅದರಾಚೆ ಕರ್ತೃ ‘ದ ಬಸ್’. ಎರಡೂ ಅದಲುಬದಲಾಗಿವೆ, ‘ವೈ ದ ಬಸ್ ವಾಸ್’ ಆಗಬೇಕು. ತಪ್ಪು ಬಿ ಭಾಗದಲ್ಲಿದೆ.

‘ಡಸ್’ ಇರುವ ವಾಕ್ಯ ಇದಕ್ಕಿಂತ ಕಷ್ಟ. ‘ಐ ಡೋಂಟ್ ನೋ (ಎ) / ವೆನ್ ಡಸ್ ದ ಲಾಸ್ಟ್ ಬಸ್ (ಬಿ) / ಟು ಸಿರ್ಸಿ ಲೀವ್ (ಸಿ) / ಫ್ರಮ್ ಕುಮಟಾ. (ಡಿ)’ ಇಲ್ಲಿ ಸಿ ಭಾಗದ ‘ಲೀವ್’ ಕಣ್ಣಿಗೆ ಹೊಡೆಯುತ್ತದೆ. ಬಸ್ ಒಂದೇ, ಹಾಗಾದರೆ ‘ಲೀವ್ಸ್’ ಇರಬೇಕಲ್ಲ ಅಂತ ಸಿ ಗುರುತು ಮಾಡಿ ಬರುವವರು ಇದ್ದಾರೆ. ಆದರೆ ಬಿಯಲ್ಲಿ ‘ಡಸ್’ ಕೂತಿರುವಷ್ಟು ಹೊತ್ತು ‘ಲೀವ್’ ಸರಿಯೇ. ಮೂಲ ತಪ್ಪು ‘ಡಸ್’, ‘ಲೀವ್ಸ್’ ಅದರಿಂದಾಗುವ ಎರಡನೇ ಬದಲಾವಣೆ. ಉತ್ತರ ಬಿ. ಒಂದೇ ತಪ್ಪಿಗೆ ಎರಡು ಭಾಗ ಮುಟ್ಟಬೇಕಾದರೆ ಸಹಾಯಕ ಕ್ರಿಯಾಪದ ಇರುವ ಭಾಗವನ್ನೇ ಆರಿಸಿ.

ಮುಖ್ಯವಾಕ್ಯದಲ್ಲಿ ‘ನೋ’, ‘ಆಸ್ಕ್’, ‘ಟೆಲ್ ಮೀ’, ‘ವಂಡರ್’ ಇದ್ದರೆ ನೀವು ಹೇಗೂ ಎಚ್ಚರವಾಗಿರುತ್ತೀರಿ. ತಪ್ಪಿಸಿಕೊಳ್ಳುವುದು ‘ಇಟ್ ಡಿಪೆಂಡ್ಸ್ ಆನ್ ಹೌ ಮಚ್ ಈಸ್ ದ ರೆಂಟ್’ ಥರದವು. ಇದು ‘ಹೌ ಮಚ್ ದ ರೆಂಟ್ ಈಸ್’ ಆಗಬೇಕು. ಗಮನಿಸಿ, ‘ಹೌ’ ಮತ್ತು ‘ಮಚ್’ ಬೇರೆಯಾಗುವುದಿಲ್ಲ. ‘ಹೌ ಓಲ್ಡ್ ಶೀ ಈಸ್’ ಕೂಡ ಹಾಗೆಯೇ. ‘ಹೌ ಶೀ ಈಸ್ ಓಲ್ಡ್’ ಅಂತ ಒಡೆದರೆ ಇನ್ನೊಂದು ತಪ್ಪು.

ಇನ್ನು ಸರಿ ಇದ್ದದ್ದನ್ನು ತಪ್ಪೆನ್ನುವ ವಿಷಯ. ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆಯ ಟೈರ್ 1ರಲ್ಲಿ ತಪ್ಪು ಉತ್ತರಕ್ಕೆ 0.50 ಅಂಕ ಕಳೆಯುವುದರಿಂದ ಇದು ಸಣ್ಣ ಮಾತಲ್ಲ. ‘ಡು ಯೂ ನೋ ಹೂ ಹ್ಯಾಸ್ ಟೇಕನ್ ದ ಕೀಸ್?’ ಇದರಲ್ಲಿ ಪ್ರಶ್ನಪದದ ಪಕ್ಕದಲ್ಲೇ ಸಹಾಯಕ ಕ್ರಿಯಾಪದ ಇದೆ. ಆದರೂ ವಾಕ್ಯ ಸರಿ. ಯಾಕೆಂದರೆ ‘ಹೂ’ ಎಂಬುದೇ ಕರ್ತೃ, ಅದಲುಬದಲು ಮಾಡಲು ನಡುವೆ ಬೇರೆ ಕರ್ತೃವೇ ಇಲ್ಲ. ‘ವಾಟ್ ಹ್ಯಾಪನ್ಡ್’, ‘ವಿಚ್ ಬಸ್ ಗೋಸ್ ಟು ಗೋಕರ್ಣ’ ಇವೂ ಹಾಗೆಯೇ. ಇಲ್ಲಿ ಮಾತ್ರ ಕನ್ನಡ ನಿಮಗೆ ಚೆನ್ನಾಗಿ ಸಹಾಯ ಮಾಡುತ್ತದೆ. ಒಳಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ ವಿಭಕ್ತಿ ನೋಡಿ. ‘ಯಾರು ತಗೊಂಡಿದ್ದಾರೆ’ ಅಂತ ಬಂದರೆ ಕರ್ತೃ, ಮುಟ್ಟಬೇಡಿ. ‘ಯಾರನ್ನು ನೋಡಿದ’, ‘ಯಾರಿಗೆ ಕೊಟ್ಟ’ ಅಂತ ಬಂದರೆ ಕರ್ತೃ ಬೇರೆ ಕಡೆ ಇದೆ, ಅದು ಕ್ರಿಯಾಪದಕ್ಕಿಂತ ಮೊದಲಿದೆಯೇ ಅಂತ ನೋಡಿ.

ಈ ವಿಭಕ್ತಿ ಪರೀಕ್ಷೆ ಕೈಕೊಡುವ ಜಾಗವೊಂದಿದೆ. ‘ಐ ಡೋಂಟ್ ನೋ ಹೂ ಈಸ್ ಹೀ’. ಕನ್ನಡದಲ್ಲಿ ‘ಅವನು ಯಾರು’, ಎರಡೂ ಪ್ರಥಮಾ ವಿಭಕ್ತಿ. ಆಗ ಇಂಗ್ಲಿಷ್ ಸರ್ವನಾಮವನ್ನೇ ನೋಡಿ. ‘ಹಿಮ್’ ಅಲ್ಲದೆ ‘ಹೀ’ ಇದೆ ಅಂದರೆ ಅದೇ ಕರ್ತೃ, ‘ಹೂ ಹೀ ಈಸ್’ ಆಗಲೇಬೇಕು. ‘ವಾಟ್ ಹಿಸ್ ನೇಮ್ ಈಸ್’ ಕೂಡ ಹೀಗೆಯೇ. ‘ವಾಟ್ ಈಸ್ ದ ಮ್ಯಾಟರ್’ ಒಂದನ್ನು ಬಿಟ್ಟುಬಿಡಿ. ಅದು ನುಡಿಗಟ್ಟಾಗಿ ಕೂತುಬಿಟ್ಟಿದೆ, ಒಳಪ್ರಶ್ನೆಯಲ್ಲೂ ಅದೇ ಕ್ರಮದಲ್ಲಿ ಒಪ್ಪಿತವಾಗಿದೆ.

ನಮ್ಮ ‘ಅಂತ’ ಇನ್ನೊಂದು ತಪ್ಪನ್ನೂ ತರುತ್ತದೆ. ‘ಹೀ ಆಸ್ಕ್ಡ್ ಮೀ ದ್ಯಾಟ್ ವೇರ್ ಐ ವಾಸ್ ಗೋಯಿಂಗ್’. ಕ್ರಮ ಸರಿ ಇದೆ, ‘ದ್ಯಾಟ್’ ಮಾತ್ರ ಹೆಚ್ಚು. ಪ್ರಶ್ನಪದವೇ ಎರಡು ವಾಕ್ಯಗಳನ್ನು ಜೋಡಿಸುವುದರಿಂದ ‘ಅಂತ’ಕ್ಕೆ ಇಲ್ಲಿ ಪದ ಬೇಡ. ಪ್ರಶ್ನಪದವೇ ಇಲ್ಲದಾಗ, ಅಂದರೆ ‘ಬರ್ತೀಯಾ ಅಂತ ಕೇಳಿದ’ ಎನ್ನುವಲ್ಲಿ, ‘ಇಫ್’ ಅಥವಾ ‘ವೆದರ್’ ಬೇಕು.

ಕೊನೆಗೆ, ‘ವೇರ್ ಡು ಯೂ ಥಿಂಕ್ ಹೀ ಲಿವ್ಸ್?’ ಪ್ರಶ್ನಪದ ಮುಂದೆ ಬಂತಲ್ಲ ಅಂತ ಇದನ್ನು ತಪ್ಪೆನ್ನಬೇಡಿ. ಉತ್ತರ ಏನು ಬರುತ್ತದೆ ಅಂತ ಯೋಚಿಸಿ. ‘ಗೊತ್ತುಂಟಾ’ಕ್ಕೆ ಉತ್ತರ ಹೌದು ಅಥವಾ ಇಲ್ಲ, ಹಾಗಾಗಿ ‘ವೇರ್’ ಒಳಗೇ ಉಳಿಯುತ್ತದೆ. ‘ಎಲ್ಲಿರ್ತಾನೆ ಅಂತ ನಿಮಗನಿಸ್ತದೆ’ಗೆ ಉತ್ತರ ಒಂದು ಊರು, ಹೊನ್ನಾವರ ಅಂತಲೋ ಯಲ್ಲಾಪುರ ಅಂತಲೋ. ಕೇಳುತ್ತಿರುವುದೇ ಊರನ್ನಾದ್ದರಿಂದ ‘ವೇರ್’ ಮುಂದೆ ಬರುತ್ತದೆ. ಅದಲುಬದಲು ‘ಡು ಯೂ’ ಅನ್ನುವಲ್ಲಿ ಆಗಿಹೋಯಿತು, ಒಳಗೆ ‘ಹೀ ಲಿವ್ಸ್’ ಹಾಗೇ ಉಳಿಯಿತು. ‘ವೇರ್ ಡು ಯೂ ಥಿಂಕ್ ಡಸ್ ಹೀ ಲಿವ್’ ಎಂದಿದ್ದರೆ ಆಗ ‘ಡಸ್’ ಇರುವ ಭಾಗವನ್ನು ಗುರುತು ಮಾಡಿ.