ದೋಸೆ ಭಟ್ಟರಿಗೆ ಊರಿನ ದರಕ್ಕಿಂತ ಹೆಚ್ಚು ಕೂಲಿ ಕೊಡೋದು ದಡ್ಡತನವೇ?

ಪ್ರಶ್ನೆ: "ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟಿದ್ದೀನಿ. ಭಟ್ಟರಿಗೆ ದಿನಕ್ಕೆ 700 ಕೊಟ್ಟರೆ ಜನ ಸಿಗ್ತಾರೆ. ಆದ್ರೂ ಕೆಲವರು 900 ಕೊಡ್ತಾರೆ. ಯಾಕೆ? ಅದರ ಬದಲು ಅಡ್ವಾನ್ಸ್ ಕೊಟ್ಟು ಹಿಡಿದಿಟ್ಕೊಂಡ್ರೆ ಸಾಲದಾ?"

ಅಡ್ವಾನ್ಸ್ ಮಾತ್ರ ಬೇಡ ರೀ. ನಾನು ಮಾಡಿದ ತಪ್ಪೇ ಅದು. 700 ಕೂಲಿ, ಮೇಲೆ 30,000 ಮುಂಗಡ ಕೊಟ್ಟು, "ಇನ್ನು ಇವನು ಎಲ್ಲಿಗೂ ಹೋಗಲ್ಲ" ಅಂದುಕೊಂಡಿದ್ದೆ. ನಿಜ, ಹೋಗಲಿಲ್ಲ. ಕೆಲಸವೂ ಆಗಲಿಲ್ಲ.

ಮೊದಲು ಬೆಣ್ಣೆ ಲೆಕ್ಕ ಹೇಳ್ತೀನಿ. ದಿನಕ್ಕೆ 300 ದೋಸೆ, ಒಂದಕ್ಕೆ 25 ಗ್ರಾಂ ಅಂದ್ರೆ 7.5 ಕೆಜಿ ಬೆಣ್ಣೆ ಸಾಕು. ನಮ್ಮಲ್ಲಿ 9.6 ಕೆಜಿ ಖಾಲಿ ಆಗ್ತಿತ್ತು. ಕದ್ದಿದ್ದಲ್ಲ. ಸೌದೆ ಒಲೆ ಮುಂದೆ ನಿಂತವನು ಉರಿ ನೋಡಿಕೊಳ್ಳದೆ ಕಾವಲಿ ಕಾದುಬಿಟ್ಟರೆ ದೋಸೆ ಹಿಡಿಯುತ್ತೆ. ನೀರು ಚಿಮುಕಿಸಿ, ಒರೆಸಿ, ಹದಕ್ಕೆ ತರೋ ಬದಲು ಇನ್ನೊಂದು ಸೌಟು ಬೆಣ್ಣೆ ಸುರಿದು ಎಬ್ಬಿಸ್ತಾನೆ. ದೋಸೆಗೆ 7 ಗ್ರಾಂ ಹೆಚ್ಚು, ದಿನಕ್ಕೆ 2.1 ಕೆಜಿ. ಕೆಜಿಗೆ 550ರ ಹಾಗೆ 1,155 ರೂಪಾಯಿ. 200 ಉಳಿಸೋಕೆ ಹೋಗಿ 1,155 ಒಲೆಗೆ ಹಾಕ್ತಿದ್ದೆ.

ಬೈದೆ. ಕೆಲಸ ಬಿಡಿಸ್ತೀನಿ ಅಂದೆ. ಅವನು ನಕ್ಕ. ಸರಿಯಾಗೇ ನಕ್ಕ: ಅವನನ್ನು ಕಳಿಸಿದ್ರೆ ನನ್ನ ಮುಂಗಡ ಮುಳುಗ್ತಿತ್ತು, ಅವನಿಗೆ ಮರುದಿನ ಇನ್ನೊಂದು ಹೋಟೆಲಲ್ಲಿ ಅದೇ 700 ಸಿಗ್ತಿತ್ತು. ಕೆಲಸ ಹೋದ್ರೆ ಯಾರಿಗೆ ನಷ್ಟ ಅನ್ನೋದೇ ಇಲ್ಲಿ ಮುಖ್ಯ. ಮುಂಗಡ ಆ ನಷ್ಟವನ್ನ ಅವನ ತಲೆಯಿಂದ ತೆಗೆದು ನನ್ನ ತಲೆ ಮೇಲೆ ಇಟ್ಟಿತ್ತು. ಯುಗಾದಿಗೆ ಊರಿಗೆ ಹೋದವನು ವಾಪಸ್ ಬರಲಿಲ್ಲ, ತೀರದೆ ಉಳಿದಿದ್ದ 18,000ವೂ ಬರಲಿಲ್ಲ.

ಕೆಲಸ ಸರಿಯಾಗಿ ಆಗಲಿ ಅಂತ ಊರಿನ ದರಕ್ಕಿಂತ ಹೆಚ್ಚು ಕೊಡೋ ಕೂಲಿಗೆ ಅರ್ಥಶಾಸ್ತ್ರದಲ್ಲಿ ಎಫಿಷಿಯನ್ಸಿ ವೇಜ್ ಅಂತಾರೆ. ಅರ್ಥಶಾಸ್ತ್ರಜ್ಞರಾದ ಕಾರ್ಲ್ ಶಪಿರೊ, ಜೋಸೆಫ್ ಸ್ಟಿಗ್ಲಿಟ್ಸ್ 1984ರಲ್ಲಿ ತೋರಿಸಿದ್ದೂ ಇದನ್ನೇ: ಮಾಲೀಕ ಇಡೀ ದಿನ ಕಾವಲು ಕಾಯೋಕೆ ಆಗಲ್ಲ, ಮೈಗಳ್ಳತನ ಆಗೊಮ್ಮೆ ಈಗೊಮ್ಮೆ ಮಾತ್ರ ಸಿಕ್ಕಿಬೀಳುತ್ತೆ. ಹಾಗಾಗಿ ಸಿಕ್ಕಿಬಿದ್ದಾಗ ಕಳೆದುಕೊಳ್ಳೋದಕ್ಕೆ ಅವನ ಹತ್ರ ಏನಾದ್ರೂ ಇರಬೇಕು. ಎಲ್ಲ ಕಡೆ 700 ಇದ್ರೆ ಕೆಲಸ ಹೋದವನು ಏನನ್ನೂ ಕಳೆದುಕೊಳ್ಳಲ್ಲ. 900 ಕೊಡುವವನ ಹತ್ರ ಕೆಲಸ ಹೋದ್ರೆ 26 ದಿನಕ್ಕೆ 5,200 ಹೋಗುತ್ತೆ, ತಿಂಗಳು ತಿಂಗಳೂ. ಬೆಣ್ಣೆ ಹಿಡಿತಕ್ಕೆ ಬರೋದು ಆವಾಗ.

ಆದ್ರೆ ಕೂಲಿ ಏರಿಸಿ ಸುಮ್ಮನೆ ಕೂತ್ರೆ ಆಗಲ್ಲ. ಸಿಕ್ಕಿಬೀಳೋ ಸಾಧ್ಯತೆಯೇ ಇಲ್ಲ ಅಂದ್ರೆ 900 ಬರೀ ದಾನ. ಬೆಳಿಗ್ಗೆ ಬೆಣ್ಣೆ ತೂಗಿ ಕೊಡಿ, ರಾತ್ರಿ ಉಳಿದದ್ದು ತೂಗಿ, ಖರ್ಚಾದದ್ದನ್ನ ಬಿಲ್ಲಿನ ದೋಸೆ ಲೆಕ್ಕದಿಂದ ಭಾಗಿಸಿ. ಒಂದು ದಿನ ದೋಸೆಗೆ 28 ಗ್ರಾಂ ಬಂದ್ರೆ ಬಿಡಿ, ಅದು ಹಿಟ್ಟಿನ ಹದವೋ ಹಸಿ ಸೌದೆಯೋ ಆಗಿರಬಹುದು. ವಾರಪೂರ್ತಿ 30 ಬಂದ್ರೆ ಮಾತಾಡಿ, ಮತ್ತೂ ಇಳೀಲಿಲ್ಲ ಅಂದ್ರೆ ನಿಜವಾಗಿಯೂ ಕಳಿಸಿ. ತಕ್ಕಡಿ ಎಷ್ಟು ಬಿಗಿಯೋ ಮೇಲೆ ಕೊಡಬೇಕಾದ ದುಡ್ಡು ಅಷ್ಟು ಕಡಿಮೆ.

ಎಲ್ಲಿವರೆಗೆ ಏರಿಸೋದು? 900ಕ್ಕೆ ಬೆಣ್ಣೆ 25 ಗ್ರಾಮಿಗೆ ಬಂದಿದೆ ಅಂದ್ರೆ ಅಲ್ಲಿಗೆ ನಿಲ್ಲಿಸಿ. 1,100 ಕೊಟ್ರೂ ಅದು 20 ಆಗಲ್ಲ, ಒಂದು ವೇಳೆ ಆಗಿಬಿಟ್ರೆ ಗಿರಾಕಿ ಕೇಳ್ತಾನೆ ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಎಲ್ಲಿ ಅಂತ. ಪಾತ್ರೆ ತೊಳೆಯುವವರಿಗೂ ಇದೇ ಲೆಕ್ಕ ಹಾಕಬೇಡಿ. ತಟ್ಟೆ ತೊಳೆದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಅವರಿಗೆ ಹೆಚ್ಚು ಕೊಡೋದಾದ್ರೆ ನ್ಯಾಯಕ್ಕೆ ಕೊಡಿ, ಈ ಸಿದ್ಧಾಂತದ ಹೆಸರಲ್ಲಿ ಬೇಡ.

ಈ ವಿಷಯ ಬಂದಾಗೆಲ್ಲ ಫೋರ್ಡ್ ಕಂಪನಿಯ ಉದಾಹರಣೆ ಕೊಡ್ತಾರೆ. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಅಂದಾಗ ಕೆಲಸಕ್ಕೆ ಜನ ಸಿಗದೆ ಏನೂ ಇರಲಿಲ್ಲ, ನಿಲ್ಲುತ್ತಿರಲಿಲ್ಲ ಅಷ್ಟೆ. ಹಿಂದಿನ ವರ್ಷ ಸುಮಾರು 14,000 ಜಾಗ ತುಂಬಿಸಿಡೋಕೆ 50,000ಕ್ಕೂ ಹೆಚ್ಚು ಜನರನ್ನ ಸೇರಿಸಿಕೊಳ್ಳಬೇಕಾಗಿತ್ತು. ಹೇಳೋರು ಒಂದನ್ನ ಮರೀತಾರೆ: ಆ 5 ಡಾಲರ್ ಸೇರಿದ ದಿನವೇ ಸಿಗ್ತಿರಲಿಲ್ಲ, ಆರು ತಿಂಗಳು ಕೆಲಸ ಆಗಿರಬೇಕಿತ್ತು. ನೀವೂ 750ಕ್ಕೆ ಸೇರಿಸಿ, ಎರಡು ತಿಂಗಳ ಬೆಣ್ಣೆ ಲೆಕ್ಕ ನೋಡಿ 900 ಮಾಡಿ. ಅದನ್ನ ಮೊದಲ ದಿನವೇ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಒಳ್ಳೆ ಕೈ ಇರುವವನು 750 ಕೇಳಿ ಎದ್ದು ಹೋಗ್ತಾನೆ.

ಇನ್ನೊಂದು. ಎದುರಿನ ಹೋಟೆಲಿನವರೂ 900 ಮಾಡಿದ ದಿನ ನಿಮ್ಮ ಹಗ್ಗ ಸಡಿಲ ಆಗುತ್ತೆ, ಯಾಕಂದ್ರೆ ಹಿಡಿದಿದ್ದು 900 ಅಲ್ಲ, ಮಧ್ಯದ 200. ಆ ವಾರ ಬೆಣ್ಣೆ ಲೆಕ್ಕ ದಿನಾ ನೋಡಿ.